ಬೆಕ್ಕಿನ ಗುರುಗುರು: ಸುಖಕ್ಕೋ, ಸಂಕಟಕ್ಕೋ?

ಬೆಕ್ಕಿನ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟ ಪಶುವೈದ್ಯರಿಗೆ ಎಷ್ಟೋ ಸಲ ಎದೆಬಡಿತವೇ ಕೇಳಿಸುವುದಿಲ್ಲ. ಗುರುಗುರು ಸದ್ದು ಕಿವಿ ತುಂಬಿಬಿಡುತ್ತದೆ. ಹೃದಯದ ಕವಾಟದಲ್ಲಿ ದೋಷವಿದ್ದರೆ ಅದರ ಮೆಲುಸದ್ದು ಈ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಅನುಭವಿ ವೈದ್ಯರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಬೆಕ್ಕನ್ನು ಸಿಂಕಿನ ಹತ್ತಿರ ಒಯ್ದು ನಲ್ಲಿ ತಿರುಗಿಸುತ್ತಾರೆ. ನೀರು ಬೀಳುವ ಸದ್ದಿಗೆ ಬೆಕ್ಕಿನ ಗಮನ ಅತ್ತ ಹೋಗಿ ಗುರುಗುಟ್ಟುವಿಕೆ ನಿಂತರೆ, ಆ ಅವಕಾಶದಲ್ಲಿ ಎದೆಬಡಿತ ಕೇಳಿಸಿಕೊಳ್ಳುತ್ತಾರೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಿವಿಗೆ ಊದುವುದು, ಹತ್ತಿರದಲ್ಲಿ ಸ್ಪ್ರೇ ಹೊಡೆಯುವುದು, ನಲ್ಲಿ ಬಿಡುವುದು ಈ ಮೂರನ್ನೂ ಹೋಲಿಸಿ ನೋಡಿದಾಗ ಹೆಚ್ಚು ಫಲ ಕೊಟ್ಟದ್ದು ನಲ್ಲಿಯೇ.

ಇಲ್ಲಿ ಯೋಚಿಸಬೇಕಾದ ಸಂಗತಿಯೊಂದಿದೆ. ಪಶು ಆಸ್ಪತ್ರೆ ಬೆಕ್ಕಿಗೆ ಹಿತವಾದ ಜಾಗವಲ್ಲ. ಅಪರಿಚಿತ ವಾಸನೆ, ನಾಯಿಗಳ ಬೊಗಳಾಟ, ಗೊತ್ತಿಲ್ಲದ ಕೈಗಳು. ಇಂಥ ಕಡೆ ಅದು ಗುರುಗುಟ್ಟುವುದೇಕೆ? ಬೆಕ್ಕು ಗುರುಗುಟ್ಟಿದರೆ ಸುಖವಾಗಿದೆ ಎಂದೇ ನಾವೆಲ್ಲ ತಿಳಿದಿದ್ದೇವೆ. ಮಡಿಲಲ್ಲಿ ಮಲಗಿ, ಕಣ್ಣು ಅರೆಮುಚ್ಚಿ ಗುರುಗುಟ್ಟುವ ಬೆಕ್ಕಿನ ಮಟ್ಟಿಗೆ ಅದು ನಿಜವೂ ಹೌದು. ಆದರೆ ಮೂಳೆ ಮುರಿದ ಬೆಕ್ಕು, ಹೆರಿಗೆಯ ನೋವು ತಿನ್ನುತ್ತಿರುವ ಬೆಕ್ಕು, ಕೊನೆಯುಸಿರು ಎಳೆಯುತ್ತಿರುವ ಬೆಕ್ಕು ಕೂಡ ಗುರುಗುಟ್ಟುವುದುಂಟು. ಸುಖ ಒಂದನ್ನೇ ಹಿಡಿದು ಹೊರಟರೆ ಈ ಸದ್ದು ಅರ್ಥವಾಗುವುದಿಲ್ಲ. ಅರ್ಥ ಹುಡುಕುವ ಮೊದಲು ಅದು ಹುಟ್ಟುವುದು ಎಲ್ಲಿ ಎಂದು ನೋಡೋಣ.

ಗಂಟಲೊಳಗಿನ ಮೆತ್ತೆ

ನಿಮ್ಮ ಮನೆಯ ಬೆಕ್ಕು ಗುರುಗುಟ್ಟುತ್ತಿರುವಾಗ ಅದರ ಗಂಟಲಿನ ಕೆಳಗೆ ಎರಡು ಬೆರಳನ್ನು ಮೆಲ್ಲಗೆ ಇಟ್ಟು ನೋಡಿ. ಅದುರುವಿಕೆ ಎಲ್ಲಕ್ಕಿಂತ ಚೆನ್ನಾಗಿ ತಿಳಿಯುವುದು ಅಲ್ಲೇ. ಇನ್ನೊಂದು ಕೈಯನ್ನು ಪಕ್ಕೆಯ ಮೇಲಿಟ್ಟು ಉಸಿರಾಟವನ್ನೂ ಗಮನಿಸಿ. ಪಕ್ಕೆ ಉಬ್ಬುವಾಗಲೂ ಸದ್ದಿರುತ್ತದೆ, ಇಳಿಯುವಾಗಲೂ ಇರುತ್ತದೆ. ಉಸಿರು ದಿಕ್ಕು ಬದಲಿಸುವ ಕ್ಷಣದಲ್ಲಿ ಮಾತ್ರ ಒಂದು ಸಣ್ಣ ತಡೆ, ಜೊತೆಗೆ ಸದ್ದಿನ ಬಣ್ಣವೂ ತುಸು ಬದಲಾಗುತ್ತದೆ. ನಾವು ಮಾತಾಡುವುದು ಉಸಿರು ಬಿಡುವಾಗ, ಬೆಕ್ಕು ಮಿಯಾಂವ್ ಎನ್ನುವುದೂ ಹಾಗೆಯೇ. ಗುರುಗುಟ್ಟುವಾಗ ಮಾತ್ರ ಅದು ಒಳಗೆಳೆದ ಉಸಿರನ್ನೂ ಸದ್ದಾಗಿಸುತ್ತದೆ. ಬಾಯಿ ತೆರೆಯಬೇಕಾಗಿಲ್ಲ. ಆದ್ದರಿಂದಲೇ ಅದು ನಿಮಿಷಗಟ್ಟಲೆ ಎಡೆಬಿಡದೆ ಗುರುಗುಟ್ಟಬಲ್ಲದು.

ಈ ಸದ್ದಿನ ಶ್ರುತಿ ವಿಜ್ಞಾನಿಗಳನ್ನು ಬಹುಕಾಲ ಕಾಡಿತು. ಗುರುಗುಟ್ಟುವಾಗ ಬೆಕ್ಕಿನ ಗಂಟಲು ಸೆಕೆಂಡಿಗೆ ಸುಮಾರು 25ರಿಂದ 30 ಸಲ ಅದುರುತ್ತದೆ, ಅಂದರೆ 25ರಿಂದ 30 ಹರ್ಟ್ಜ್. ಮನುಷ್ಯನ ಕಿವಿಗೆ ಕೇಳುವ ಸದ್ದು ಶುರುವಾಗುವುದೇ 20 ಹರ್ಟ್ಜ್ ಸುಮಾರಿಗೆ. ಧ್ವನಿತಂತು ಉದ್ದವಾಗಿ ದಪ್ಪಗಿದ್ದಷ್ಟೂ ಅದು ನಿಧಾನವಾಗಿ ಅದುರುತ್ತದೆ, ಸ್ವರ ತಗ್ಗುತ್ತದೆ. ಆನೆಯಂಥ ದೊಡ್ಡ ಪ್ರಾಣಿ ಇಷ್ಟು ತಗ್ಗಿದ ಸ್ವರ ಹೊರಡಿಸಿದರೆ ಅಚ್ಚರಿಯಿಲ್ಲ. ನಾಲ್ಕೈದು ಕಿಲೋ ತೂಗುವ ಬೆಕ್ಕಿನ ಧ್ವನಿತಂತು ತೀರಾ ಚಿಕ್ಕದು. ಅದರ ಮಿಯಾಂವ್‌ನ ಸ್ವರ ನೂರಾರು ಹರ್ಟ್ಜ್‌ನಷ್ಟು ಎತ್ತರದ್ದು. ಅದೇ ಗಂಟಲು ಇಷ್ಟು ಕೆಳಗಿನ ಸ್ವರ ಹಿಡಿಯುವುದು ಹೇಗೆ?

1972ರಲ್ಲಿ ರೆಮ್ಮರ್ಸ್ ಮತ್ತು ಗೋತಿಯೆ ಎಂಬ ಇಬ್ಬರು ಸಂಶೋಧಕರು ಒಂದು ಉತ್ತರ ಕೊಟ್ಟರು. ಗುರುಗುಟ್ಟುವ ಬೆಕ್ಕುಗಳ ಧ್ವನಿಪೆಟ್ಟಿಗೆಯ ಸ್ನಾಯುಗಳಲ್ಲಿ ಮತ್ತು ಎದೆ ಹೊಟ್ಟೆಗಳ ನಡುವಿನ ವಪೆಯಲ್ಲಿ ಹರಿಯುವ ವಿದ್ಯುತ್ ಸಂಕೇತಗಳನ್ನು ಅವರು ಅಳೆದರು. ಧ್ವನಿಪೆಟ್ಟಿಗೆಯ ಸ್ನಾಯುಗಳು ಪ್ರತಿ ಕಂಪನಕ್ಕೂ ಒಮ್ಮೆ ಬಿಗಿದು ಸಡಿಲುತ್ತಿದ್ದವು. ಬಿಗಿದಾಗ ಗಾಳಿಯ ದಾರಿ ಮುಚ್ಚುತ್ತದೆ, ಸಡಿಲಿದಾಗ ತೆರೆದು ಗಾಳಿ ನುಗ್ಗುತ್ತದೆ, ಹಾಗೆ ಒಂದೊಂದು ಸಣ್ಣ ಸ್ಫೋಟದಂತೆ ಸದ್ದು ಹುಟ್ಟುತ್ತದೆ. ತಾಳ ಹಾಕುತ್ತಿರುವುದು ಮೆದುಳು, ಸ್ನಾಯುಗಳು ಆ ತಾಳಕ್ಕೆ ಕುಣಿಯುತ್ತವೆ ಎಂಬುದು ಅವರ ತೀರ್ಮಾನ. ಮುಂದಿನ ಐವತ್ತು ವರ್ಷ ಪಠ್ಯಪುಸ್ತಕಗಳಲ್ಲಿ ಈ ವಿವರಣೆಯೇ ನಿಂತಿತು.

2023ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದ ಕ್ರಿಸ್ಟಿಯನ್ ಹೆರ್ಬ್‌ಸ್ಟ್ ಮತ್ತು ಸಂಗಡಿಗರು ಇದನ್ನು ಬೇರೆ ರೀತಿಯಲ್ಲಿ ಪರೀಕ್ಷಿಸಿದರು. ವಾಸಿಯಾಗದ ಕಾಯಿಲೆಯಿಂದಾಗಿ ದಯಾಮರಣ ಕೊಟ್ಟ ಎಂಟು ಬೆಕ್ಕುಗಳ ಧ್ವನಿಪೆಟ್ಟಿಗೆಗಳನ್ನು, ಸಾಕಿದವರ ಒಪ್ಪಿಗೆ ಪಡೆದು, ಹೊರತೆಗೆದರು. ಧ್ವನಿತಂತುಗಳು ಒಂದಕ್ಕೊಂದು ತಾಗುವಂತೆ ಹೊಂದಿಸಿ, ಬೆಚ್ಚನೆಯ ತೇವದ ಗಾಳಿಯನ್ನು ಅವುಗಳ ಮೂಲಕ ಹಾಯಿಸಿದರು. ಇಲ್ಲಿ ಮೆದುಳಿಲ್ಲ, ನರಗಳ ಸಂಕೇತವಿಲ್ಲ, ಸ್ನಾಯು ಬಿಗಿಯುವ ಮಾತೇ ಇಲ್ಲ. ಆದರೂ ಎಂಟಕ್ಕೆ ಎಂಟೂ ಧ್ವನಿಪೆಟ್ಟಿಗೆಗಳು 25ರಿಂದ 30 ಹರ್ಟ್ಜ್‌ನಲ್ಲಿ ತಾವಾಗಿಯೇ ಅದುರಿದವು.

ಗುಟ್ಟು ಇದ್ದದ್ದು ಧ್ವನಿತಂತುವಿನ ಒಳಗೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನಾರಿನಂಥ ಅಂಗಾಂಶದ ಮೆತ್ತೆಯೊಂದು ಕಂಡಿತು. ಅಗಲ ಹೆಚ್ಚೆಂದರೆ ನಾಲ್ಕು ಮಿಲಿಮೀಟರ್. ಅಂಗರಚನಾ ತಜ್ಞರು ಇದನ್ನು ಹಿಂದೆಯೂ ಕಂಡಿದ್ದರು, ಆದರೆ ಇದರ ಕೆಲಸವೇನೆಂದು ತಿಳಿದಿರಲಿಲ್ಲ. ಮೃದಂಗದ ಎಡಮುಖಕ್ಕೆ ಕಲಸಿದ ರವೆ ಹಚ್ಚಿದರೆ ಚರ್ಮದ ತೂಕ ಹೆಚ್ಚಿ ನಾದ ತಗ್ಗುವುದನ್ನು ಸಂಗೀತ ಕಛೇರಿಗೆ ಹೋದವರು ಬಲ್ಲರು. ಈ ಮೆತ್ತೆ ಮಾಡುವುದೂ ಅದನ್ನೇ. ಚಿಕ್ಕ ಧ್ವನಿತಂತುವಿಗೆ ಭಾರ ಕೊಟ್ಟು ಅದರ ಅದುರುವಿಕೆಯನ್ನು ನಿಧಾನಗೊಳಿಸುತ್ತದೆ ಎಂದು ಹೆರ್ಬ್‌ಸ್ಟ್ ತಂಡ ವಿವರಿಸಿತು.

ಹಾಗಾದರೆ ಹಳೆಯ ವಿವರಣೆ ಸುಳ್ಳೇ? ಹಾಗೆನ್ನಲು ಬರುವುದಿಲ್ಲ. ಮೇಜಿನ ಮೇಲಿಟ್ಟ ಧ್ವನಿಪೆಟ್ಟಿಗೆ ಈ ಸ್ವರ ಹೊರಡಿಸಬಲ್ಲದು ಎಂಬುದು ಸಾಬೀತಾಯಿತು, ಅಷ್ಟೇ. ಜೀವಂತ ಬೆಕ್ಕಿನಲ್ಲಿ ಗುರುಗುಟ್ಟುವಿಕೆಯನ್ನು ಶುರುಮಾಡುವುದೂ ನಿಲ್ಲಿಸುವುದೂ ಮೆದುಳೇ. ನಲ್ಲಿಯ ಸದ್ದು ಕೇಳಿದೊಡನೆ ಅದು ನಿಲ್ಲುವುದು ಇದಕ್ಕೆ ಸಾಕ್ಷಿ. 1972ರಲ್ಲಿ ಅಳೆದ ಸ್ನಾಯುಗಳ ಬಿಗಿತವೂ ಸುಳ್ಳಲ್ಲ. ಧ್ವನಿಪೆಟ್ಟಿಗೆಯನ್ನು ಗುರುಗುಟ್ಟುವ ಭಂಗಿಗೆ ತಂದು ಹಿಡಿಯುವುದು ಮೆದುಳು ಮತ್ತು ಸ್ನಾಯು, ಒಮ್ಮೆ ಆ ಭಂಗಿಗೆ ಬಂದ ಮೇಲೆ ಗಾಳಿ ಮತ್ತು ಮೆತ್ತೆ ಬಹುಪಾಲು ಕೆಲಸ ಮಾಡುತ್ತವೆ ಎಂದು ಎರಡನ್ನೂ ಕೂಡಿಸಿ ಓದಬಹುದು. ಹಾಗಿದ್ದರೆ ಬೆಕ್ಕಿಗೆ ಇದು ಹೆಚ್ಚು ಶ್ರಮವಿಲ್ಲದ ಸದ್ದು. ನೋವಿನಿಂದ ನಿತ್ರಾಣಗೊಂಡ ಬೆಕ್ಕೂ ಗುರುಗುಟ್ಟಬಲ್ಲದು ಎಂಬುದಕ್ಕೆ ಇದು ಹೊಂದಿಕೆಯಾಗುತ್ತದೆ.

ಬೆಕ್ಕಿನ ಕುಲದವರೆಲ್ಲ ಹೀಗೆ ಗುರುಗುಟ್ಟುವುದಿಲ್ಲ. ಘರ್ಜಿಸುವ ಸಿಂಹ, ಹುಲಿ, ಚಿರತೆ, ಜಾಗ್ವಾರ್‌ಗಳಿಗೆ ಉಸಿರಿನ ಎರಡೂ ದಿಕ್ಕಿನಲ್ಲಿ ಹರಿಯುವ ಈ ಸದ್ದು ಒಲಿದಿಲ್ಲ. ಹುಲಿ ಸ್ನೇಹ ತೋರಿಸುವಾಗ ಮೂಗಿನಿಂದ ಬುಸಬುಸ ಎಂದು ಗಾಳಿ ಬಿಡುತ್ತದೆ, ಅದು ಬೇರೆಯೇ ಬಗೆ. ಚೀತಾ ಮತ್ತು ಪ್ಯೂಮಾ ಮಾತ್ರ ಮನೆಯ ಬೆಕ್ಕಿನಂತೆಯೇ ಗುರುಗುಟ್ಟುತ್ತವೆ. ಚೀತಾ ಮನೆಯ ಬೆಕ್ಕಿನ ಹತ್ತು ಪಟ್ಟು ತೂಗುತ್ತದೆ. ಆದರೂ 2010ರಲ್ಲಿ ಸ್ವೀಡನ್ನಿನ ರಾಬರ್ಟ್ ಎಕ್ಲುಂಡ್ ಮತ್ತು ಜೊತೆಗಾರರು ಎರಡರ ಸದ್ದನ್ನೂ ಧ್ವನಿಮುದ್ರಿಸಿ ಹೋಲಿಸಿದಾಗ ಶ್ರುತಿಯಲ್ಲಿ ಕಂಡ ಅಂತರ ಅಲ್ಪ.

ಮೊದಲ ಪಾಠ ತಾಯಿಯ ಹೊಟ್ಟೆಯ ಬಳಿ

ಗುರುಗುಟ್ಟುವುದನ್ನು ಬೆಕ್ಕು ದೊಡ್ಡದಾದ ಮೇಲೆ ಕಲಿಯುವುದಿಲ್ಲ. ಹುಟ್ಟಿದ ಕೆಲವೇ ದಿನಗಳಲ್ಲಿ ಮರಿ ಗುರುಗುಟ್ಟತೊಡಗುತ್ತದೆ. ಆಗ ಅದರ ಕಣ್ಣು ಮುಚ್ಚಿರುತ್ತದೆ, ಕಿವಿಯೂ ಸರಿಯಾಗಿ ತೆರೆದಿರುವುದಿಲ್ಲ. ಅದಕ್ಕೆ ಗೊತ್ತಿರುವುದು ವಾಸನೆ, ಬಿಸುಪು ಮತ್ತು ಸ್ಪರ್ಶ. ಹಾಲೂಡುವಾಗ ತಾಯಿಯೂ ಗುರುಗುಟ್ಟುತ್ತಾಳೆ. ಕಿವಿ ತೆರೆಯದ ಮರಿಗೆ ಆ ಸದ್ದು ಕೇಳದಿದ್ದರೂ ಮೈಗೆ ಮೈ ತಾಗಿರುವುದರಿಂದ ಅದುರುವಿಕೆ ತಲುಪುತ್ತದೆ. ಮರಿಯ ಬಾಯಲ್ಲಿ ಮೊಲೆತೊಟ್ಟು ಇರುವುದರಿಂದ ಅದು ಹಾಲು ಬಿಡದೆ ಮಿಯಾಂವ್ ಎನ್ನಲಾರದು. ಗುರುಗುಟ್ಟಲು ಬಾಯಿ ಬೇಕಿಲ್ಲವಾದ್ದರಿಂದ ಹಾಲು ಹೀರುತ್ತಲೇ ತಾಯಿಗೆ ಉತ್ತರ ಕೊಡಬಹುದು.

ಈ ಸದ್ದಿನ ಗುಣವೂ ಈ ಸಂದರ್ಭಕ್ಕೆ ತಕ್ಕದ್ದು. ಮೆಲ್ಲನೆಯ, ತಗ್ಗಿದ ಸದ್ದು ಗೂಡಿನಾಚೆಗೆ ಕೇಳುವುದಿಲ್ಲ. ಮರಿಗಳ ಜಾಡು ಹಿಡಿದು ಬರುವ ನಾಯಿಗೋ ನರಿಗೋ ಸುಳಿವು ಸಿಗುವುದಿಲ್ಲ. ಮೈಗೆ ತಾಗಿಕೊಂಡಿರುವವರಿಗೆ ಮಾತ್ರ ಸ್ಪಷ್ಟವಾಗಿ ತಲುಪುತ್ತದೆ. ಹೀಗೆ ನೋಡಿದರೆ ಗುರುಗುಟ್ಟುವಿಕೆ ಹತ್ತಿರದವರಿಗೆಂದೇ ಇರುವ ಸದ್ದು. ತಾಯಿಗೂ ಮರಿಗೂ ನಡುವೆ ಅದು ಹೇಳುವುದು ಬಹುಶಃ ಇಷ್ಟೇ: ‘ನಾನು ಇಲ್ಲೇ ಇದ್ದೇನೆ, ನೀನೂ ಇಲ್ಲೇ ಇರು, ಈಗ ಮಾಡುತ್ತಿರುವುದನ್ನು ನಿಲ್ಲಿಸಬೇಡ.’

ದೊಡ್ಡ ಬೆಕ್ಕಿನ ನಡತೆಯನ್ನು ಈ ಕಣ್ಣಿನಿಂದ ನೋಡಿದರೆ ಹೊಂದಿಕೆಯಾಗದಂತೆ ಕಂಡ ಸಂದರ್ಭಗಳೆಲ್ಲ ಒಂದು ಎಳೆಗೆ ಬರುತ್ತವೆ. ತಲೆ ನೇವರಿಸುತ್ತಿರುವವರ ಮುಂದೆ ಗುರುಗುಟ್ಟುವ ಬೆಕ್ಕು ಇನ್ನೂ ನೇವರಿಸು ಎನ್ನುತ್ತಿದೆ. ಪರಿಚಿತ ಬೆಕ್ಕಿಗೆ ಮೈ ಉಜ್ಜುತ್ತ ಗುರುಗುಟ್ಟುವ ಬೆಕ್ಕು ಜಗಳವಿಲ್ಲ, ಹತ್ತಿರ ಇರೋಣ ಎನ್ನುತ್ತಿದೆ. ಆಸ್ಪತ್ರೆಯ ಮೇಜಿನ ಮೇಲೆ ಹೆದರಿ ಕೂತ ಬೆಕ್ಕು ನನಗೇನೂ ಮಾಡಬೇಡ ಎನ್ನುತ್ತಿರಬಹುದು, ಗಾಯಗೊಂಡದ್ದು ನನ್ನನ್ನು ನೋಡಿಕೋ ಎನ್ನುತ್ತಿರಬಹುದು. ಸುಖದಲ್ಲಿರಲಿ ಸಂಕಟದಲ್ಲಿರಲಿ, ಪಕ್ಕದಲ್ಲಿರುವ ಜೀವದಿಂದ ಅದಕ್ಕೆ ಏನೋ ಬೇಕಾಗಿದೆ.

ಬೆಳಗಿನ ಜಾವದ ಕರೆ

ಬೇಡಿಕೆಯ ಈ ಅಂಶವನ್ನು ಅಳತೆಗೆ ಸಿಗುವಂತೆ ತೋರಿಸಿಕೊಟ್ಟವರು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಕ್ಯಾರನ್ ಮೆಕ್‌ಕೋಂಬ್. ಆಫ್ರಿಕಾದ ಆನೆ, ಸಿಂಹಗಳ ಧ್ವನಿಯ ಮೇಲೆ ಕೆಲಸ ಮಾಡಿದ ವಿಜ್ಞಾನಿ ಅವರು. ಅವರ ಮನೆಯ ಬೆಕ್ಕು ಪೆಪೊ ದಿನಾ ಬೆಳಿಗ್ಗೆ ಹಟ ಹಿಡಿದು ಗುರುಗುಟ್ಟಿ ಅವರನ್ನು ಎಬ್ಬಿಸುತ್ತಿತ್ತು. ಮಡಿಲಲ್ಲಿ ಮಲಗಿದಾಗಿನ ಸದ್ದು ಹಿತವೆನಿಸಿದರೆ ಬೆಳಗಿನ ಸದ್ದು ಕಿರಿಕಿರಿ ಹುಟ್ಟಿಸುತ್ತಿತ್ತು, ಅಲಕ್ಷಿಸಿ ಮಲಗಲು ಬಿಡುತ್ತಿರಲಿಲ್ಲ. ಬೇರೆ ಬೆಕ್ಕು ಸಾಕಿದವರನ್ನು ಕೇಳಿದಾಗ ಅವರದೂ ಇದೇ ಅನುಭವ.

ಧ್ವನಿಮುದ್ರಣ ಸುಲಭವಾಗಿರಲಿಲ್ಲ. ಹೊರಗಿನವರು ಮನೆಗೆ ಬಂದರೆ ಬೆಕ್ಕು ಈ ಸದ್ದು ಮಾಡುವುದೇ ಇಲ್ಲ. ಹಾಗಾಗಿ ಬೆಕ್ಕು ಸಾಕಿದವರಿಗೇ ಮುದ್ರಣ ಮಾಡಲು ಕಲಿಸಿದರು. ಹತ್ತು ಬೆಕ್ಕುಗಳಿಂದ ಎರಡು ಬಗೆಯ ಗುರುಗುಟ್ಟುವಿಕೆ ಸಂಗ್ರಹವಾಯಿತು. ಒಂದು ಊಟ ಬೇಡುವಾಗಿನದು, ಇನ್ನೊಂದು ಏನೂ ಬೇಡದೆ ಸುಮ್ಮನೆ ಇದ್ದಾಗಿನದು. ಎರಡನ್ನೂ ಒಂದೇ ಮಟ್ಟದ ಜೋರಿನಲ್ಲಿ ಐವತ್ತು ಜನರಿಗೆ ಕೇಳಿಸಿದರು. ಊಟದ ಸದ್ದು ಹೆಚ್ಚು ತುರ್ತಿನದು, ಕಡಿಮೆ ಹಿತವಾದದ್ದು ಎಂದು ಕೇಳುಗರು ಹೇಳಿದರು. ಎಂದೂ ಬೆಕ್ಕು ಸಾಕದವರಿಗೂ ಈ ವ್ಯತ್ಯಾಸ ತಿಳಿಯಿತು.

ಸದ್ದನ್ನು ಬಿಡಿಸಿ ನೋಡಿದಾಗ ಕಾರಣ ಸಿಕ್ಕಿತು. ಊಟ ಬೇಡುವಾಗ ಆ ತಗ್ಗಿದ ಗುರುಗುಟ್ಟುವಿಕೆಯ ಒಳಗೇ ಎತ್ತರದ ಇನ್ನೊಂದು ಸ್ವರ ಹೆಣೆದುಕೊಂಡಿತ್ತು. ಅದರ ಸರಾಸರಿ 380 ಹರ್ಟ್ಜ್. ಹಸಿದ ಕೂಸಿನ ಅಳು ಇರುವುದು 300ರಿಂದ 600 ಹರ್ಟ್ಜ್ ಆಸುಪಾಸಿನಲ್ಲಿ. ಮೆಕ್‌ಕೋಂಬ್ ತಂಡ ಅಷ್ಟಕ್ಕೇ ನಿಲ್ಲಲಿಲ್ಲ. ಅದೇ ಮುದ್ರಣದಿಂದ ಈ ಎತ್ತರದ ಸ್ವರವನ್ನಷ್ಟೇ ತೆಗೆದು, ಉಳಿದದ್ದನ್ನೆಲ್ಲ ಹಾಗೆಯೇ ಇಟ್ಟು ಮತ್ತೆ ಕೇಳಿಸಿತು. ತುರ್ತು ಕಡಿಮೆಯಾಯಿತು ಎಂದರು ಕೇಳುಗರು. ನಮ್ಮನ್ನು ಹಾಸಿಗೆಯಿಂದ ಎಬ್ಬಿಸುವುದು ಆ ಅಳುವಿನ ಎಳೆಯೇ ಎಂಬುದು ಖಚಿತವಾಯಿತು. 2009ರಲ್ಲಿ ಈ ಅಧ್ಯಯನ ಪ್ರಕಟವಾಯಿತು.

ಇದರಿಂದ ಬೆಕ್ಕು ಲೆಕ್ಕಹಾಕಿ ಕೂಸಿನ ಅಳುವನ್ನು ಅನುಕರಿಸುತ್ತದೆ ಎಂದು ತಿಳಿಯಬಾರದು. ಮೆಕ್‌ಕೋಂಬ್ ಅವರ ಊಹೆ ಸರಳವಾದದ್ದು. ಅಳುವಿನ ಈ ಎಳೆ ಮಾಮೂಲಿ ಗುರುಗುಟ್ಟುವಿಕೆಯಲ್ಲೂ ತೀರಾ ಮೆಲ್ಲಗೆ ಇರುತ್ತದೆ. ಅದು ತುಸು ಜೋರಾದ ದಿನ ಊಟ ಬೇಗ ಸಿಕ್ಕಿದರೆ ಬೆಕ್ಕು ಅದನ್ನೇ ಬೆಳೆಸಿಕೊಳ್ಳುತ್ತದೆ. ಒಬ್ಬರೇ ಇದ್ದು, ಬೆಕ್ಕಿನ ಜೊತೆ ಒಡನಾಟ ಹೆಚ್ಚಿರುವ ಮನೆಗಳಲ್ಲೇ ಈ ಅಭ್ಯಾಸ ಹೆಚ್ಚು. ಜನ ಜಾಸ್ತಿ ಇರುವ ಗಲಾಟೆಯ ಮನೆಯಲ್ಲಿ ಗುರುಗುಟ್ಟಿದರೆ ಯಾರಿಗೂ ಕೇಳದು, ಅಲ್ಲಿ ಮಿಯಾಂವ್ ಎಂದು ಕೂಗಿದರೇ ಕೆಲಸ.

ಮೂಳೆ ಕೂಡಿಸುವ ಸದ್ದೇ?

ಸುತ್ತಮುತ್ತ ಯಾರೂ ಇಲ್ಲದಾಗಲೂ ಗಾಯಗೊಂಡ ಬೆಕ್ಕು ಗುರುಗುಟ್ಟುವುದನ್ನು ಕಂಡವರಿದ್ದಾರೆ. ಕೇಳುವವರೇ ಇಲ್ಲದಿರುವಾಗ ಬೇಡಿಕೆ ಯಾರಿಗೆ? ಈ ಪ್ರಶ್ನೆಯಿಂದ ಹುಟ್ಟಿದ್ದು ಗುರುಗುಟ್ಟುವಿಕೆ ಬೆಕ್ಕಿನ ಮೈಯನ್ನೇ ವಾಸಿಮಾಡುತ್ತದೆ ಎಂಬ ವಾದ. 2001ರಲ್ಲಿ ಅಮೆರಿಕದ ಎಲಿಜಬೆತ್ ಫಾನ್ ಮುಗ್ಗೆನ್‌ಥಾಲರ್ ಇದನ್ನು ಮುಂದಿಟ್ಟರು. ಅದೇ ವರ್ಷ ಕ್ಲಿಂಟನ್ ರೂಬಿನ್ ತಂಡ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿತ್ತು. 30 ಹರ್ಟ್ಜ್‌ನಲ್ಲಿ ಸಣ್ಣಗೆ ಅದುರುವ ಹಲಗೆಯ ಮೇಲೆ ಕುರಿಗಳನ್ನು ದಿನಕ್ಕೆ ಇಪ್ಪತ್ತು ನಿಮಿಷದಂತೆ ಒಂದು ವರ್ಷ ನಿಲ್ಲಿಸಿದಾಗ, ಅವುಗಳ ತೊಡೆಮೂಳೆಯೊಳಗಿನ ಜಾಲರಿಯಂಥ ಭಾಗದ ಸಾಂದ್ರತೆ ಸುಮಾರು 34 ಪ್ರತಿಶತ ಹೆಚ್ಚಿತ್ತು. ಬೆಕ್ಕಿನ ಗುರುಗುಟ್ಟುವಿಕೆಯ ಶ್ರುತಿಯೂ ಅದರ ಹತ್ತಿರದ್ದೇ ಆದ್ದರಿಂದ ಕಥೆ ಬಹಳ ಬೇಗ ಹರಡಿತು.

ಶ್ರುತಿ ಕೂಡಿದ ಮಾತ್ರಕ್ಕೆ ಫಲವೂ ಕೂಡುತ್ತದೆ ಎನ್ನಲಾಗದು. ಕುರಿಗಳ ಪ್ರಯೋಗದಲ್ಲಿ ಅದುರುವಿಕೆ ಹಲಗೆಯಿಂದ ಕಾಲಿನ ಮೂಳೆಗೆ, ಮೈಭಾರ ಹೊತ್ತು ನಿಂತಿರುವಾಗ, ನೇರವಾಗಿ ಹೋಗುತ್ತಿತ್ತು. ಬೆಕ್ಕಿನ ಅದುರುವಿಕೆ ಹುಟ್ಟುವುದು ಗಂಟಲಿನಲ್ಲಿ. ಬೆರಳಿಟ್ಟು ನೋಡಿದರೆ ನಿಮಗೇ ತಿಳಿಯುತ್ತದೆ, ಗಂಟಲಿನಿಂದ ಹಿಂದಕ್ಕೆ ಹೋದಂತೆ ಅದು ಕ್ಷೀಣಿಸುತ್ತದೆ. ಮನುಷ್ಯರ ಮೇಲೂ ಇಂಥ ಹಲಗೆಯ ಪ್ರಯೋಗ ನಡೆದಿದೆ. ಮುಟ್ಟು ನಿಂತ ಸುಮಾರು ಇನ್ನೂರು ಮಹಿಳೆಯರ ಮೇಲೆ ಒಂದು ವರ್ಷ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂಳೆಯ ಸಾಂದ್ರತೆಗೆ ಲಾಭವಾಗಲಿಲ್ಲ. ಆದ್ದರಿಂದ ಮೂಳೆ ಕೂಡಿಸುವ ಗುರುಗುಟ್ಟುವಿಕೆ ಸದ್ಯಕ್ಕೆ ಒಂದು ಊಹೆ ಮಾತ್ರ. ನೋವಿನಲ್ಲಿರುವ ಬೆಕ್ಕು ಆ ಮೂಲಕ ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುತ್ತಿರಬಹುದು ಎಂಬುದು ಅದಕ್ಕಿಂತ ಸಣ್ಣ, ಆದರೆ ಹೆಚ್ಚು ಒಪ್ಪುವಂಥ ವಿವರಣೆ. ತಾಯಿಯ ಬಿಸುಪಿನ ಜೊತೆ ಹುಟ್ಟಿದ ಸದ್ದು ಭಯದ ಹೊತ್ತಿನಲ್ಲಿ ಮರಳಿ ಬರುವುದು ಅಸಹಜವಲ್ಲ.

ಗುರುಗುಟ್ಟುತ್ತಿದೆ ಎಂದು ಸುಮ್ಮನಿರಬೇಡಿ

ಬೆಕ್ಕು ಸಾಕಿದವರು ಇದನ್ನೆಲ್ಲ ತಿಳಿಯಬೇಕಾದದ್ದು ಒಂದು ಮುಖ್ಯ ಕಾರಣಕ್ಕೆ. ಗುರುಗುಟ್ಟುತ್ತಿರುವ ಬೆಕ್ಕಿಗೆ ಏನೂ ಆಗಿಲ್ಲ ಎಂದು ನಂಬಿ ಚಿಕಿತ್ಸೆ ತಡಮಾಡಿದರೆ ಅದು ಪ್ರಾಣಕ್ಕೆ ಎರವಾಗಬಹುದು.

ಗಂಡುಬೆಕ್ಕಿನಲ್ಲಿ ಕಾಣುವ ಮೂತ್ರಕಟ್ಟನ್ನೇ ತೆಗೆದುಕೊಳ್ಳಿ. ಗಂಡುಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಹರಳುಗಳು ಅಥವಾ ಲೋಳೆಯ ಗಟ್ಟಿ ಅಲ್ಲಿ ಸಿಕ್ಕಿಕೊಂಡರೆ ದಾರಿ ಪೂರ್ತಿ ಮುಚ್ಚುತ್ತದೆ. ಬೆಕ್ಕು ಮತ್ತೆ ಮತ್ತೆ ಮರಳಿನ ಟ್ರೇಗೆ ಹೋಗಿ ಕುಕ್ಕರಿಸುತ್ತದೆ, ಮುಕ್ಕರಿಯುತ್ತದೆ, ಒಂದೆರಡು ಹನಿ ಬಂದರೆ ಬಂತು, ಇಲ್ಲದಿದ್ದರೆ ಅದೂ ಇಲ್ಲ. ಎದ್ದು ಬಂದು ಬಾಲದಡಿ ನೆಕ್ಕುತ್ತದೆ. ನೋಡಿದವರು ಮಲಬದ್ಧತೆ ಇರಬೇಕು, ನಾಳೆ ಸರಿಹೋಗುತ್ತದೆ ಎಂದುಕೊಳ್ಳುತ್ತಾರೆ. ಎತ್ತಿಕೊಂಡರೆ ಗುರುಗುಟ್ಟುತ್ತದೆ, ಆಗ ಮನಸ್ಸಿಗೆ ಇನ್ನೂ ನಿರಾಳ. ಅಷ್ಟರಲ್ಲಿ ಒಳಗೆ ಮೂತ್ರಕೋಶ ಬಿಗಿದು ಕಲ್ಲಿನಂತಾಗಿರುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತ ಹೃದಯದ ಬಡಿತ ಹದ ತಪ್ಪುತ್ತದೆ. ಒಂದೆರಡು ದಿನದಲ್ಲಿ ಬೆಕ್ಕು ಸಾಯಬಹುದು. ಮೂತ್ರ ಬಾರದೆ ಮುಕ್ಕರಿಯುವ ಗಂಡುಬೆಕ್ಕನ್ನು ರಾತ್ರಿಯಾದರೂ ಸರಿ, ಅಂದೇ ಪಶುವೈದ್ಯರ ಬಳಿಗೆ ಒಯ್ಯಬೇಕು.

ಸದ್ದನ್ನು ನಂಬುವಂತಿಲ್ಲ ಎಂದ ಮೇಲೆ ನೋಡಬೇಕಾದದ್ದು ಮುಖವನ್ನು. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು 2019ರಲ್ಲಿ ಬೆಕ್ಕಿನ ಮುಖದಿಂದ ನೋವು ಗುರುತಿಸುವ ಕ್ರಮವೊಂದನ್ನು ಪ್ರಕಟಿಸಿದರು. ಅದರಲ್ಲಿರುವುದು ಐದೇ ಅಂಶ. ಕಿವಿಗಳು ಮುಂದಕ್ಕೆ ನೆಟ್ಟಗಿವೆಯೇ, ಅಥವಾ ಒಂದರಿಂದ ಒಂದು ದೂರ ಸರಿದು ಹೊರಕ್ಕೆ ತಿರುಗಿವೆಯೇ? ಕಣ್ಣು ಸಹಜವಾಗಿ ತೆರೆದಿದೆಯೇ, ಬಿಗಿದು ಕಿರಿದಾಗಿದೆಯೇ? ಮೂತಿ ದುಂಡಗೆ ಸಡಿಲವಾಗಿದೆಯೇ, ಬಿಗಿದು ಉದ್ದಗಾಗಿದೆಯೇ? ಮೀಸೆ ಬಾಗಿ ಇಳಿಬಿದ್ದಿದೆಯೇ, ನೆಟ್ಟಗೆ ಮುಂದಕ್ಕೆ ಚಾಚಿದೆಯೇ? ತಲೆ ಭುಜಕ್ಕಿಂತ ಮೇಲಿದೆಯೇ, ಕೆಳಗೆ ಜೋತಿದೆಯೇ? ಪ್ರತಿಯೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಒಟ್ಟು ಹತ್ತರಲ್ಲಿ ನಾಲ್ಕು ಅಥವಾ ಹೆಚ್ಚು ಬಂದರೆ ವೈದ್ಯರು ನೋವುನಿವಾರಕ ಕೊಡುವ ಯೋಚನೆ ಮಾಡುತ್ತಾರೆ. ಬೆಕ್ಕು ನಿದ್ದೆಯಲ್ಲಿರುವಾಗ, ತಿನ್ನುವಾಗ, ಮೈ ನೆಕ್ಕಿಕೊಳ್ಳುವಾಗ ಈ ಅಳತೆ ಸರಿಬರುವುದಿಲ್ಲ. ಎಚ್ಚರವಾಗಿ ಸುಮ್ಮನೆ ಕೂತಿರುವಾಗ ಅರ್ಧ ನಿಮಿಷ ನೋಡಬೇಕು.

ಮನೆಯಲ್ಲಿ ಅಂಕ ಹಾಕುವುದು ಬೇಕಿಲ್ಲ, ನಿಮ್ಮ ಬೆಕ್ಕು ಆರೋಗ್ಯವಾಗಿದ್ದಾಗ ಅದರ ಮುಖ ಹೇಗಿರುತ್ತದೆ ಎಂದು ತಿಳಿದಿದ್ದರೆ ಸಾಕು. ಮುಖ ಬಿಗಿದಿದ್ದು, ಊಟ ಬಿಟ್ಟು, ಮೂಲೆ ಸೇರಿ ಮುದುಡಿ ಕೂತ ಬೆಕ್ಕು ಗುರುಗುಟ್ಟುತ್ತಿದ್ದರೆ ಅದನ್ನು ಸುಖವೆಂದು ತಿಳಿಯಬೇಡಿ. ಮರಿಯಾಗಿದ್ದಾಗ ತಾಯಿಯನ್ನು ಹತ್ತಿರ ಇರಿಸಿಕೊಳ್ಳಲು ಬಳಸಿದ ಸದ್ದನ್ನೇ ಅದು ಈಗ ನಿಮ್ಮ ಮೇಲೆ ಬಳಸುತ್ತಿದೆ. ಏನು ಬೇಕೆಂದು ಆ ಸದ್ದು ಬಿಡಿಸಿ ಹೇಳಲಾರದು. ಊಟವೋ, ಆಸರೆಯೋ, ವೈದ್ಯರೋ ಎಂಬುದನ್ನು ಅದರ ಮೈ ನೋಡಿ ನಾವೇ ತಿಳಿಯಬೇಕು.